ಬಸವಪ್ರಭು ಸರರ ‘ಹೌದ್ರಿ’ ಅಧ್ಯಾಯ

ಬಸವಪ್ರಭು ಸರರ ಎದುರಿಗೆ ಯಾರಾದರೂ ಒಂದು ವಾಕ್ಯವನ್ನು ಪೂರ್ತಿ ಹೇಳಿ ಮುಗಿಸಿದ್ದನ್ನು ನಾನು ನೋಡಿಲ್ಲ. ನೀವು ಬಾಯಿ ತೆರೆದು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಅವರೇ ಹೇಳಿರುತ್ತಾರೆ. ಹೇಳಿದ್ದಷ್ಟೇ ಅಲ್ಲ, ನೀವು ಹೇಳಬೇಕೆಂದಿದ್ದು ಅದೇ ಅಂತ ನಿಮ್ಮಿಂದಲೇ ಒಪ್ಪಿಸಿಯೂ ಬಿಡುತ್ತಾರೆ. ಕ್ಯಾಂಟೀನಿನಲ್ಲಿ ನಾನು “ನನಗ ಇವತ್ತ...” ಅಂದರೆ ಸಾಕು, “ಮಿಸಳ್ ಬ್ಯಾಡ, ಖಾರ ಆಗ್ತದ, ಪೋಹೆ ಸಾಕು, ಹೌದಲ್ರಿ ಮೇಡಮ್?” ಅನ್ನುತ್ತಾರೆ. ನಾನು ಮಿಸಳ್ ತಿನ್ನಬೇಕೆಂದೇ ಮನೆಯಲ್ಲಿ ತಿಂಡಿ ಬಿಟ್ಟು ಬಂದಿರುತ್ತೇನೆ. ಆದರೂ ಪೋಹೆ ತಿನ್ನುತ್ತೇನೆ. ಅವರ ಹೆಂಡತಿ ಫೋನಿನಲ್ಲಿ ‘ಹೂಂ’ ಬಿಟ್ಟು ಬೇರೆ ಮಾತಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಆಕೆಗೆ ಬೇರೆ ಮಾತು ಬರುವುದೇ ಇಲ್ಲವೇನೋ ಅಂದುಕೊಂಡಿದ್ದೆ. ಒಮ್ಮೆ ಮನೆಗೆ ಹೋದಾಗ, ಸರ ಸ್ನಾನಕ್ಕೆ ಹೋಗಿದ್ದಷ್ಟೂ ಹೊತ್ತು ಆಕೆ ಉಸಿರು ತೆಗೆದುಕೊಳ್ಳದೆ ಮಾತಾಡಿದರು.

ಹಾಗಂತ ಕೆಟ್ಟ ಮನುಷ್ಯ ಅಲ್ಲ ಮತ್ತೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಸಮಾಜಕಾರ್ಯ ಓದಲು ಪುಣೆಗೆ ಬಂದು, ಓದಿದ ಕಾಲೇಜಿನಲ್ಲೇ ಗುತ್ತಿಗೆಯ ಮೇಲೆ ಪಾಠ ಹೇಳುತ್ತ ಕೂದಲು ಹಣ್ಣು ಮಾಡಿಕೊಂಡವರು. ನಾನು ಇಲ್ಲೇ ಹುಟ್ಟಿದವಳು. ನಮ್ಮಪ್ಪ ವಿಜಯಪುರದಿಂದ ಬಂದು ಬುಧವಾರ ಪೇಠೆಯಲ್ಲಿ ವೈರು, ಬಲ್ಬಿನ ಅಂಗಡಿ ಇಟ್ಟವರು. ಕಾಲೇಜಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ ಅಂತ ಯಾರೋ ಪುಣ್ಯಾತ್ಮರು ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದರು. ನನ್ನ ಪಿಎಚ್‌ಡಿ ಮುಗಿದಿದೆ. ಅವರದು ಮುಗಿದಿಲ್ಲ. ಆ ಕೋಣೆಯ ಸುಖದುಃಖವೆಲ್ಲ ಇಷ್ಟೇ.

ಈ ವರ್ಷ ಅವರಿಗೆ ನಿಜವಾಗಿಯೂ ಕುತ್ತಿಗೆಗೆ ಬಂದಿತ್ತು. ಕೊಟ್ಟ ಅವಧಿ ಮುಗಿದು, ಮೇಲೆ ಕೊಟ್ಟ ಅವಧಿಯೂ ಮುಗಿಯುತ್ತ ಬಂದಿತ್ತು. ದೀಪಾವಳಿ ರಜೆಯೊಳಗೆ ನಾಲ್ಕನೆಯ ಅಧ್ಯಾಯಕ್ಕೆ, ಅಂದರೆ ‘ಅಧ್ಯಯನದಲ್ಲಿ ಕಂಡದ್ದೇನು’ ಎಂದು ಹೇಳುವ ಅಧ್ಯಾಯಕ್ಕೆ, ಗೈಡ್ ಸ್ನೇಹಲ್ ಮೇಡಮ್ ಅವರ ಸಹಿ ಬೀಳದಿದ್ದರೆ ನೋಂದಣಿ ರದ್ದು. ನೋಂದಣಿ ಹೋದರೆ ಗುತ್ತಿಗೆಯೂ ಹೋಗುತ್ತದೆ. ಇದನ್ನು ಅವರು ಪ್ರಿನ್ಸಿಪಾಲರಿಂದ ಹಿಡಿದು ಝೆರಾಕ್ಸ್ ಅಂಗಡಿಯವನ ತನಕ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಅಧ್ಯಯನದ ವಿಷಯ ಚೆನ್ನಾಗಿಯೇ ಇತ್ತು. ಹಿಂಜವಾಡಿಯಲ್ಲಿ ಎದ್ದು ನಿಲ್ಲುತ್ತಿರುವ ಕಟ್ಟಡಗಳ ಕೆಳಗೆ, ತಗಡಿನ ಶೆಡ್ಡುಗಳಲ್ಲಿ ಇರುವ ಯಾದಗಿರಿ, ಕಲಬುರಗಿ ಕಡೆಯ ಹೆಂಗಸರು ಕೆಲಸವನ್ನೂ ಮಕ್ಕಳನ್ನೂ ಹೇಗೆ ಸಂಭಾಳಿಸುತ್ತಾರೆ ಎಂಬುದು. ಭಾಷೆ ಬರುತ್ತದೆ, ದುಭಾಷಿ ಬೇಡ, ಅದೇ ಅವರ ಬಂಡವಾಳ. ರೆಕಾರ್ಡರ್ ಹಿಡಿದು ಹೋಗಿ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿ ಬಂದರು. ಆಡಿದ್ದನ್ನೆಲ್ಲ ಕೇಳಿ ಕೇಳಿ ಕನ್ನಡದಲ್ಲೇ ಬರಹಕ್ಕೆ ಇಳಿಸಿದರು. ಮುಂದಿನದು ಕೋಡಿಂಗ್.

ಈ ಕೋಡಿಂಗಿಗೂ ಹಿಂಜವಾಡಿಯ ಕಂಪನಿಗಳ ಕೋಡಿಂಗಿಗೂ ಸಂಬಂಧವಿಲ್ಲ. ಜನ ಆಡಿದ ಮಾತನ್ನು ಸಾಲು ಸಾಲಾಗಿ ಓದುತ್ತ ಹೋಗಬೇಕು. ಈ ಸಾಲಿನಲ್ಲಿ ಏನು ನಡೆಯುತ್ತಿದೆ ಎಂದು ಕೇಳಿಕೊಂಡು ಅದಕ್ಕೊಂದು ಚಿಕ್ಕ ಹೆಸರು ಕೊಡಬೇಕು. ಅದೇ ಕೋಡ್. ಒಂದೇ ಬಗೆಯ ಕೋಡುಗಳನ್ನು ಒಟ್ಟು ಹಾಕಿ ಗುಂಪು ಮಾಡಬೇಕು, ಗುಂಪುಗಳನ್ನು ಮತ್ತೆ ಮತ್ತೆ ಒಡೆದು, ಕೂಡಿಸಿ, ಬರಹಕ್ಕೆ ಮರಳಿ ಹೋಗಿ ನೋಡಿ, ಕೊನೆಗೆ ನಾಲ್ಕಾರು ಥೀಮುಗಳಿಗೆ ಬರಬೇಕು. ಕೆಳಗಿನಿಂದ ಮೇಲಕ್ಕೆ ಹತ್ತುವ ಕೆಲಸ. ನಮ್ಮ ಸರ ಮೇಲೆ ಕುಳಿತು ಕೆಳಕ್ಕೆ ಹಗ್ಗ ಬಿಟ್ಟರು.

ಥೀಮುಗಳು ಅವರ ಹತ್ತಿರ ಮೊದಲೇ ತಯಾರಿದ್ದವು. ಮೊದಲ ಸಂದರ್ಶನಕ್ಕೆ ಹೊರಡುವ ಮುಂಚೆಯೇ ನಮ್ಮ ಕೋಣೆಯ ಕಪಾಟಿಗೆ ಬಣ್ಣದ ಚೀಟಿ ಅಂಟಿಸಿದ್ದರು. ಗುಲಾಬಿ ಚೀಟಿ ‘ಅಸಹಾಯಕತೆ’, ಹಳದಿ ‘ಶೋಷಣೆ’, ಹಸಿರು ‘ತಾಯಿಯ ತ್ಯಾಗ’. “ಇವು ಬರ್ತಾವ್ರಿ ಮೇಡಮ್, ನೋಡ್ತಾ ಇರ್ರಿ” ಅಂದಿದ್ದರು. ಬರದೆ ಏನು ಮಾಡುತ್ತವೆ ಪಾಪ! ಸಾಫ್ಟ್‌ವೇರಿನಲ್ಲಿ ‘ಕಷ್ಟ’, ‘ಅನಿವಾರ್ಯ’, ‘ದಾರಿ ಇಲ್ಲ’ ಎಂದೆಲ್ಲ ಹುಡುಕು ಅಂತ ಹೇಳಿ, ಆ ಪದ ಸಿಕ್ಕ ಪ್ಯಾರಾವನ್ನು ಇಡಿಯಾಗಿ ‘ಅಸಹಾಯಕತೆ’ಯ ಕೆಳಗೆ ಹಾಕು ಅಂತ ಗುಂಡಿ ಒತ್ತಿದರು. ಚಹಾ ಕುಡಿದು ಬರುವುದರೊಳಗೆ ಕೋಡಿಂಗ್ ಮುಗಿದಿತ್ತು. ಮೇಲಿಂದ ಪದಗಳ ಚಿತ್ರ ಬೇರೆ: ಹೆಚ್ಚು ಸಲ ಬಂದ ಪದ ದೊಡ್ಡದಾಗಿ, ಕಡಿಮೆ ಬಂದದ್ದು ಸಣ್ಣದಾಗಿ. ನಡುವೆ ಕುಂಬಳಕಾಯಿಯಷ್ಟು ದೊಡ್ಡ ‘ಕಷ್ಟ’. ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚಿದರು. ಗಣಪತಿ ಹಬ್ಬದ ಹೊತ್ತಿಗೆ ನಮ್ಮ ಕೋಣೆಯ ಅಲಂಕಾರ ಅದೇ ಆಗಿತ್ತು.

ಕನ್ನಡ ಬಾರದ ಸ್ನೇಹಲ್ ಮೇಡಮ್ ಮರಾಠಿಯಲ್ಲಿ ಬರೆದ ಅಧ್ಯಾಯ ತಿರುವಿ ನೋಡಿ ಎರಡು ಮಾತು ಹೇಳಿ ಕಳಿಸಿದರು. ಒಂದು, ಪ್ರತಿ ಥೀಮಿಗೂ ಆ ಹೆಂಗಸರದೇ ಬಾಯಿಂದ ಬಂದ ಮಾತುಗಳನ್ನು ಉದಾಹರಣೆ ಕೊಡಬೇಕು. ಎರಡು, ಬೇರೆ ಯಾರಾದರೂ ಕೆಲವು ಸಂದರ್ಶನಗಳನ್ನು ಸ್ವತಂತ್ರವಾಗಿ ಕೋಡ್ ಮಾಡಬೇಕು. ಇಬ್ಬರ ಕೋಡಿಂಗ್ ಎಷ್ಟು ಹೊಂದುತ್ತದೆ ಎಂದು ನೋಡಿ ಆ ಎರಡನೆಯವರು ಸಹಿ ಹಾಕಬೇಕು. ಕನ್ನಡ ಬರುವ ಎರಡನೆಯವರು ಇಡೀ ಕಾಲೇಜಿನಲ್ಲಿ ಯಾರಿದ್ದಾರೆ?

“ಮೇಡಮ್, ನೀವು ಸುಮ್ನ ಒಂದ್ಸಲ...”

“ಓದಿ ಸಹಿ ಹಾಕ್ತೀನಿ, ಓದದ ಹಾಕಂಗಿಲ್ಲ” ಅಂದೆ. ಅವರ ವಾಕ್ಯವನ್ನು ಒಮ್ಮೆಯಾದರೂ ನಾನು ಮುಗಿಸಿದೆನಲ್ಲ ಎಂಬ ಸಂತೋಷ ಆ ದಿನವೆಲ್ಲ ಇತ್ತು.

ಓದಲು ಕೂತೆ. ಅಯ್ಯ ಶಿವನೇ! ಶರಣಮ್ಮ ಎಂಬಾಕೆಯ ಸಂದರ್ಶನದ ಎರಡನೆಯ ಪುಟದಲ್ಲಿ ‘ಅಸಹಾಯಕತೆ’ ಎಂದು ಗುಲಾಬಿ ಬಳಿದ ಭಾಗ ಹೀಗಿತ್ತು:

ಸಂದರ್ಶಕ: ಅಂದ್ರ ಊರಾಗ ಏನೂ ಉಳೀಲಿಲ್ಲ, ಬ್ಯಾರೆ ದಾರಿನೇ ಇರ್ಲಿಲ್ಲ, ಎಷ್ಟೇ ಕಷ್ಟ ಆದ್ರೂ ಅನಿವಾರ್ಯವಾಗಿ ಮಕ್ಕಳನ್ನ ಕಟ್ಕೊಂಡು ಈ ಪುಣೆಗೆ ಬರಬೇಕಾತು, ಬಂದ ಮ್ಯಾಲೂ ಕಷ್ಟ ತಪ್ಪಲಿಲ್ಲ, ಹೌದಲ್ರಿ?

ಶರಣಮ್ಮ: ಹೌದ್ರಿ ಸರ.

ಸಂದರ್ಶಕ: ಮನಸಿಗೆ ಭಾಳ ತ್ರಾಸ ಆಗಿರಬೇಕು.

ಶರಣಮ್ಮ: ಹೌದ್ರಿ.

ಮುಂದಿನ ಪುಟ, ಮುಂದಿನ ಹೆಂಗಸು, ಅದರ ಮುಂದಿನ ಹೆಂಗಸು, ಎಲ್ಲ ಕಡೆ ಇದೇ ಹಾಡು. ನಡುನಡುವೆ ಆ ಹೆಂಗಸರು ತಾವಾಗಿ ಏನೋ ಹೇಳಲು ಹೊರಟ ಕಡೆ ಸರ ಮೂರು ಚುಕ್ಕಿ ಇಟ್ಟು ‘ವಿಷಯಾಂತರ’ ಎಂದು ಬರೆದು ಕೈತೊಳೆದುಕೊಂಡಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು.

“ಸರ, ಇಲ್ಲಿ ಬರ್ರಿ. ಈ ಅಸಹಾಯಕತಾ ಯಾರದ್ರಿ?”

“ಅವರದ. ಮತ್ಯಾರದು?”

“ಮಾತು ಎಲ್ಲಾ ನಿಮ್ಮವೇ. ನಿಮ್ಮ ಪ್ರಶ್ನಿಗೆ ನೀವೇ ಕೋಡ್ ಹಾಕ್ಕೊಂಡೀರಿ. ನಿಮ್ಮನ್ನ ನೀವೇ ಸಂದರ್ಶನ ಮಾಡ್ಕೋಬೇಕಂದ್ರ ಹಿಂಜವಾಡಿ ತನಕ ಯಾಕ ಹೋಗ್ತಿದ್ರಿ? ಆ ಟ್ರಾಫಿಕ್‌ನ್ಯಾಗ?”

“ಏ, ಹಂಗಲ್ರಿ. ನಾ ಕೇಳೀನಿ, ಅವರು ಒಪ್ಯಾರ. ಹೌದ್ರಿ ಅಂದಾರಲ್ಲ! ಸ್ಪಷ್ಟ ಅದ.”

“ನಮ್ಮ ಮಂದಿ ಯಾವಾಗ ಹೌದ್ರಿ ಅನ್ನಂಗಿಲ್ಲ ಹೇಳ್ರಿ ನೋಡೂಣು? ಪ್ಯಾಂಟ್ ಹಾಕ್ಕೊಂಡು, ಕೊಳ್ಳಾಗ ಐಡಿ ಕಾರ್ಡ್ ಕಟ್ಕೊಂಡು ಒಬ್ಬ ಮಾಸ್ತರ ಬಂದು ಕುಂತ್ರ, ನಿಮ್ಮವ್ವರೇ ಇದ್ರೂ ಏನಂತಿದ್ರು?”

ಸರ ಒಂದು ಕ್ಷಣ ಅವ್ವನನ್ನು ನೆನೆಸಿಕೊಂಡರು ಅಂತ ಕಾಣುತ್ತದೆ. ನಾನು ಬಿಡಲಿಲ್ಲ. ಸಾಫ್ಟ್‌ವೇರಿನಲ್ಲಿ ಯಾರು ಆಡಿದ ಮಾತು ಯಾವುದು ಅಂತ ಬೇರೆ ಮಾಡುವ ದಾರಿ ಇದೆ. ಸಂದರ್ಶಕನ ಮಾತೆಲ್ಲ ತೆಗೆದುಹಾಕಿ, ಉಳಿದದ್ದರಿಂದ ಪದಗಳ ಚಿತ್ರ ಹೊಸದಾಗಿ ತೆಗೆಸಿದೆ. ನಡುವಿನ ಕುಂಬಳಕಾಯಿ ಈಗ ‘ಹೌದ್ರಿ’. ಅದರ ಪಕ್ಕದಲ್ಲಿ ‘ಸರ’. ‘ಕಷ್ಟ’ವನ್ನು ಹುಡುಕಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಅವರ ಮುಖ ಸಪ್ಪಗಾಯಿತು. ಆದರೂ ಸೋಲುವ ಜಾತಿಯಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. “ಮೇಡಮ್, ಒಂದ್ ಕೆಲಸ ಮಾಡೂಣು. ಆ ಪ್ರಶ್ನಾ ಮತ್ತ ಹೌದ್ರಿ ಎರಡೂ ಕೂಡಿಸಿ ಒಂದ್ ವಾಕ್ಯ ಮಾಡೂಣು. ‘ನಮಗ ಬ್ಯಾರೆ ದಾರಿ ಇರ್ಲಿಲ್ಲ’, ಕೆಳಗ ಶರಣಮ್ಮನ ಹೆಸರು. ಅರ್ಥ ಅದೇ ಅಲ್ರಿ? ನೀವು ಸಹಿ ಹಾಕಿದ್ರ ಆತು.”

“ಥೂ! ಆಕಿ ಬಾಯಾಗ ನಿಮ್ಮ ಮಾತ್ ತುರುಕಿದ್ದು ಸಾಲಲಿಲ್ಲೇನ್ರಿ? ಈಗ ಆಕಿ ಹೆಸರಿನ ಮ್ಯಾಲೆ ಅಚ್ಚೂ ಹಾಕಿಸ್ತೀರಾ? ನಾ ಸಹಿ ಹಾಕಂಗಿಲ್ಲ ನೋಡ್ರಿ. ಬೇಕಾದ್ರ ಆ ‘ವಿಷಯಾಂತರ’ ಕೇಳೂಣು ನಡೀರಿ.”

ಆಡಿಯೊ ಹಾಕಿ ಕೇಳಿದೆವು. ಸರ ಚುಕ್ಕಿ ಇಟ್ಟ ಕಡೆ ಶರಣಮ್ಮ, ಹಿಂದಿನ ಸೈಟಿನಲ್ಲಿ ಕೂಲಿಯವರನ್ನು ಕರೆತಂದು ದುಡಿಸುವ ಮುಕಾದಮನ ಬಾಯಿ ಸರಿ ಇರಲಿಲ್ಲವೆಂದು ಇಡೀ ಗ್ಯಾಂಗು ಎದ್ದು ಇಲ್ಲಿಗೆ ಬಂದದ್ದನ್ನು ಹೇಳುತ್ತಿದ್ದರು. ಅಷ್ಟರಲ್ಲಿ ಸರ ನಡುವೆ ಬಾಯಿ ಹಾಕಿ “ಅಂದ್ರ ಶೋಷಣೆ, ಹೌದಲ್ರಿ?” ಅಂದರು. “ಹೌದ್ರಿ ಸರ” ಎಂದು ಆಕೆ ಸುಮ್ಮನಾದರು. ಇನ್ನೊಬ್ಬ ಹೆಂಗಸು ಸಾಬವ್ವ ಎಂಬಾಕೆ ಮಕ್ಕಳನ್ನು ನೋಡಿಕೊಳ್ಳುವ ಪಾಳಿಯ ಬಗ್ಗೆ ಏನೋ ಶುರು ಮಾಡಿದರು. ಅದಕ್ಕೂ ತ್ಯಾಗದ ಬೀಗ ಬಿತ್ತು. ಸರ ಕಿವಿಯಿಂದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ನಾಚಿಕೆಯಾಯಿತೇನೋ ಅಂದುಕೊಂಡೆ. ಎದ್ದು ಹೋಗಿ ಗುಲಾಬಿ ಚೀಟಿ ಕಿತ್ತು, ಅದರ ಹಿಂಬದಿಯಲ್ಲಿ ‘ಸಬಲೀಕರಣ’ ಎಂದು ಬರೆದು ಅದೇ ಜಾಗಕ್ಕೆ ಅಂಟಿಸಿದರು!

“ಇದೇ ಖರೇ ಥೀಮ್ ನೋಡ್ರಿ ಮೇಡಮ್” ಅಂದರು.

ಆ ಮನುಷ್ಯನನ್ನು ಏನು ಮಾಡಬೇಕು ಹೇಳಿ. ಅವತ್ತು ನಾನು ಕೂಗಾಡಿದ್ದು ಪಕ್ಕದ ಲೈಬ್ರರಿಯವರೆಗೂ ಕೇಳಿಸಿತಂತೆ. ನಾಲ್ಕು ತುಂಡು ಮಾತು ಕೇಳಿ ಥೀಮ್ ಕಟ್ಟಬೇಡಿ, ಮತ್ತೆ ಹೋಗಿ ಮಾತಾಡಿಸಿ, ಈ ಸಲ ಬಾಯಿಗೆ ಬೀಗ ಹಾಕಿಕೊಂಡು ಹೋಗಿ, ಹಾಗಾದರೆ ಮಾತ್ರ ನಾನು ಎರಡನೆಯ ಕೋಡರ್ ಆಗುತ್ತೇನೆ, ಇಲ್ಲವಾದರೆ ಝೆರಾಕ್ಸ್ ಅಂಗಡಿಯವನ ಸಹಿ ಹಾಕಿಸಿಕೊಳ್ಳಿ ಅಂದೆ. ದೀಪಾವಳಿ ಹತ್ತಿರ ಬರುತ್ತಿತ್ತು. ಅವರಿಗೂ ಬೇರೆ ಉಪಾಯ ಇರಲಿಲ್ಲ. “ನೀವೂ ಬರ್ರಿ” ಅಂದರು. ಕಾವಲಿಗೆ ನಾನೂ ಹೋದೆ.

ವಾರದ ರಜೆಯ ದಿನ. ಶೆಡ್ಡುಗಳ ನಡುವಿನ ಖಾಲಿ ಜಾಗದಲ್ಲಿ ಶರಣಮ್ಮ ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತಿದ್ದರು. ನಮ್ಮನ್ನು ನೋಡಿ ಚಾಪೆ ಹಾಸಿದರು, ಚಹಾ ಕೊಟ್ಟರು. ಸರ ರೆಕಾರ್ಡರ್ ಇಟ್ಟು, ಅದನ್ನು ಚಾಲೂ ಮಾಡಲು ಅನುಮತಿ ಕೇಳಿ, ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಸಿದ್ದ ಒಂದೇ ಪ್ರಶ್ನೆ ಕೇಳಿದರು: “ಪುಣೆಗೆ ಬಂದಿದ್ದು ಹೆಂಗ್ರಿ ಅವ್ವಾ, ಹೇಳ್ರಿ.” ಕೇಳಿ ಸುಮ್ಮನಾದರು. ಸುಮ್ಮನಿರುವುದು ಅವರಿಗೆ ಎಷ್ಟು ತ್ರಾಸ ಅಂದರೆ ಹಣೆಯಲ್ಲಿ ಬೆವರು ಬಂತು. ಶರಣಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವರನ್ನು ನೋಡಿದರು.

“ಯಾಕ್ರಿ ಸರ, ಇವತ್ತ ನೀವು ಹೇಳಲ್ಲೇನ್ರಿ? ಹ್ವಾದ ಸಲ ಎಷ್ಟ್ ಛಂದ ಹೇಳಿದ್ರಿ.”

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಸರ “ಇಲ್ರಿ ಅವ್ವಾ, ಇವತ್ತ ನೀವ ಹೇಳ್ಬೇಕು” ಅಂದರು.

“ನೀವು ಹೇಳಿದ್ದಕ್ಕೆಲ್ಲ ಹೌದ್ರಿ ಅಂದೀವಲ್ಲ. ಸಾಲಲಿಲ್ಲೇನು?”

ನಾನು ಕೇಳಿದೆ, “ಸರ ಅಂದದ್ದು ಖರೇ ಇತ್ತೇನ್ರಿ?”

“ಖರೇ ಎಲ್ಲಿರ್ತದ್ರಿ ಬಾಯಾರ? ದಾರಿ ಇತ್ತು. ನಮ್ಮ ತಂಗಿ ಬೆಂಗಳೂರಿಗಿ ಬಾ ಅಂತ ಕರದಿದ್ಳು. ನಾನೇ ಒಲ್ಲೆ ಅಂದೆ, ಇಲ್ಲಿ ನಮ್ಮೂರ ಮಂದಿ ಭಾಳ ಅದಾರಂತ.”

“ಮತ್ತ ಹೌದ್ರಿ ಅಂತ ಯಾಕಂದ್ರಿ?”

ಶರಣಮ್ಮ ದನಿ ಸಣ್ಣ ಮಾಡಿದರು, ಸರರಿಗೆ ಕೇಳಿಸಬಾರದು ಅನ್ನುವಂತೆ. ಸರ ಒಂದು ಮೊಳದ ದೂರದಲ್ಲಿದ್ದರು. “ಈ ಸರ ಮೊದಲನೇ ದಿನ ಕುಂತು ಹೇಳ್ಕೊಂಡ್ರಲ್ರಿ, ಈ ಪುಸ್ತಕ ಪಾಸ್ ಆಗ್ಲಿಲ್ಲಂದ್ರ ನೌಕರಿ ಹೋಗ್ತದ, ಮಕ್ಕಳ ಸಾಲಿ ಅದ ಅಂತ. ಕಣ್ಣಾಗ ನೀರ್ ತಂದಿದ್ರು. ನನಗಾ ಹೊಟ್ಟ್ಯಾಗಿನ ಕಳ್ಳು ಚುರ್ ಅಂತು. ಅದಕ್ಕ ನಾನೇ ಎಲ್ಲಾರಿಗಿ ಹೇಳ್ದೆ, ಸರ ಏನ್ ಕೇಳಿದ್ರೂ ಹೌದ್ರಿ ಅನ್ರೇ, ಪಾಪ, ಅವರಿಗಿ ಬ್ಯಾರೆ ದಾರಿ ಇಲ್ಲ ಅಂತ.”

ಬಸವಪ್ರಭು ಸರ ಚಹಾದ ಕಪ್ಪನ್ನು ಚಾಪೆಯ ಮೇಲೆ ಇಟ್ಟರು. ಅಲ್ಲಿಯವರೆಗೆ ನನಗೆ ಬರುತ್ತಿದ್ದ ನಗು ಎಲ್ಲಿಗೋ ಹೋಯಿತು. ಅಸಹಾಯಕತೆಯ ಗುಲಾಬಿ ಬಣ್ಣವನ್ನು ಯಾರ ಮೈಗೆ ಬಳಿಯಬೇಕಿತ್ತು ಅಂತ ಈಗ ನಮ್ಮಿಬ್ಬರಿಗೂ ಗೊತ್ತಾಗಿತ್ತು. ಶರಣಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು.

ಆಮೇಲೆ ಆ ಮನುಷ್ಯ ನಿಜವಾಗಿಯೂ ಬಾಯಿ ಮುಚ್ಚಿಕೊಂಡು ಕೇಳಿದರು. ಹೊಗಳಬೇಕಾದ ಕಡೆ ಹೊಗಳುತ್ತೇನೆ. ಮತ್ತೆ ಮತ್ತೆ ಹೋಗಿ ಎಲ್ಲ ಹೆಂಗಸರನ್ನೂ ಮಾತಾಡಿಸಿ ಬಂದರು. ಕಪಾಟಿನ ಚೀಟಿಗಳನ್ನೆಲ್ಲ ಕಿತ್ತರು. ಬರಹಕ್ಕಿಳಿಸುವಾಗ ಒಂದು ‘ವಿಷಯಾಂತರ’ವನ್ನೂ ಇಡಲಿಲ್ಲ. ಸಾಲು ಸಾಲಿಗೆ ಕೋಡ್ ಬರೆದರು. ನಾನು ನನ್ನ ಮೇಜಿನಲ್ಲಿ ಬೇರೆಯೇ ಕೂತು ಬರೆದೆ. ಇಬ್ಬರದೂ ಎದುರುಬದುರು ಇಟ್ಟು ಹೊಂದದ ಕಡೆಯೆಲ್ಲ ಜಗಳಾಡಿದೆವು. ಪ್ರತಿ ಕೋಡನ್ನೂ ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂದು ಬರೆದಿಟ್ಟು, ಮತ್ತೆ ಮೊದಲಿಂದ ಹಾಕಿದೆವು. ಕೊನೆಗೆ ಉಳಿದ ಥೀಮುಗಳ ಹೆಸರು ಕೇಳಿ: ‘ಮಕ್ಕಳ ಪಾಳಿ’, ಅಂದರೆ ಗ್ಯಾಂಗಿನಲ್ಲಿ ಒಬ್ಬಾಕೆ ಕೆಲಸ ಬಿಟ್ಟು ಎಲ್ಲರ ಮಕ್ಕಳನ್ನು ನೋಡುವುದು, ಉಳಿದವರು ಆಕೆಯ ಕೂಲಿ ತುಂಬಿ ಕೊಡುವುದು. ‘ಮುಕಾದಮನನ್ನು ಬಿಡುವುದು, ಹಿಡಿಯುವುದು’. ಮೂರನೆಯದು ‘ಪಾಪ ಅಂತ ಹೌದು ಅಂದದ್ದು’. ಈ ಮೂರನೆಯದನ್ನು ಬರೆಯಲು ಅವರಿಗೆ ಎದೆ ಬೇಕಿತ್ತು. ತಮ್ಮ ಮೊದಲ ಸಂದರ್ಶನಗಳು ಹೇಗೆ ಕೆಟ್ಟವು, ಯಾಕೆ ಕೆಟ್ಟವು ಎಂದು ಮುಚ್ಚುಮರೆ ಇಲ್ಲದೆ ಬರೆದು, ಕೆಳಗೆ ಶರಣಮ್ಮನ ಮಾತನ್ನು ಇದ್ದ ಹಾಗೆ ಹಾಕಿದರು. ಓದಿ ನಾನು ಕುಣಿದಾಡಿದೆ. ಒಳ್ಳೆಯ ಅಧ್ಯಾಯ, ನನ್ನದಕ್ಕಿಂತ ಒಳ್ಳೆಯದು. ಹೊಟ್ಟೆಕಿಚ್ಚೂ ಆಯಿತು.

ರಜೆಗೆ ಮುಂಚೆ ಸ್ನೇಹಲ್ ಮೇಡಮ್ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಅವರ ಮೇಜಿನ ಮೇಲೆ ಅಧ್ಯಾಯ, ಅದರ ಪಕ್ಕದಲ್ಲಿ ಸಹಿ ಹಾಕಬೇಕಾದ ಕಾಗದ, ಅದರ ಮೇಲೆ ಅವರ ಪೆನ್ನು. ಅವರು ಮರಾಠಿಯಲ್ಲೇ ಮಾತಾಡಿದರು. “ಬಹಳ ಛಂದ ಬರೆದಿದ್ದೀರಿ, ಬಸವಪ್ರಭು. ಈ ಮೂರನೆಯ ಥೀಮ್ ಅಂತೂ ಅದ್ಭುತ. ಆದರೆ ‘ಪಾಪ ಅಂತ ಹೌದು ಅಂದದ್ದು’ ಅಂತ ಯಾರಾದರೂ ಹೆಸರಿಡುತ್ತಾರೆಯೇ? ಇದು ಪಾಪ ಅಲ್ಲ, ಪ್ರತಿರೋಧ. ಆ ಹೆಂಗಸರು ಹೌದು ಹೌದು ಅನ್ನುತ್ತಲೇ ನಿಮ್ಮ ಸಂದರ್ಶನವನ್ನು ಬುಡಮೇಲು ಮಾಡಿದರು. ‘ಮೌನ ಪ್ರತಿರೋಧ’. ಈಗ ಎಲ್ಲ ಕಡೆ ಇದೇ ಚರ್ಚೆ ನಡೆದಿದೆ. ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದೂ ಅದೇ ಅಲ್ಲವೇ?”

ಮೌನವಂತೆ! ಆ ಹೆಂಗಸು ಕೂದಲು ಒಣಗಿಸುತ್ತ, ಚಹಾ ಕೊಡುತ್ತ, ಕಾರಣವನ್ನು ಬಾಯಿಬಿಟ್ಟು ಹೇಳಿದ್ದು ಪುಟದ ಮೇಲೆ ಅಚ್ಚಾಗಿ ಬಿದ್ದಿತ್ತು. ಕರುಳು ಚುರ್ ಅಂದದ್ದು ಪ್ರತಿರೋಧವಂತೆ. ಹೇಳಿಬಿಡಿ ಸರ, ಅಲ್ಲ ಅಂತ ಹೇಳಿಬಿಡಿ ಅಂತ ನಾನು ಮನಸ್ಸಿನಲ್ಲೇ ಅವರ ಬೆನ್ನಿಗೆ ಗುದ್ದಿದೆ. ಜಗತ್ತಿನ ವಾಕ್ಯಗಳನ್ನೆಲ್ಲ ಮುಗಿಸಿಕೊಟ್ಟ ಮನುಷ್ಯ ಬಾಯಿ ತೆರೆದರು. ಪೆನ್ನು ನೋಡಿದರು. ಬಾಯಿ ಮುಚ್ಚಿದರು.

“ಹೋ, ಮ್ಯಾಡಮ್” ಅಂದರು. ನಮ್ಮ ‘ಹೌದ್ರಿ’ಗೆ ಮರಾಠಿಯಲ್ಲಿ ಒಂದೇ ಅಕ್ಷರ, ‘ಹೋ’.

ಸ್ನೇಹಲ್ ಮೇಡಮ್ ತಲೆಬರಹದ ಮೇಲೆ ಗೆರೆ ಎಳೆದು ಹೊಸ ಹೆಸರು ಬರೆದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. “ಮಾಧುರಿ, ಎರಡನೆಯ ಕೋಡರ್ ನೀವು. ನಿಮಗೂ ಹಾಗೇ ಕಂಡಿತಲ್ಲವೇ?”

ನನ್ನ ನಾಲಿಗೆ ಎಷ್ಟು ಉದ್ದ ಅಂತ ಇಲ್ಲಿಯ ತನಕ ಓದಿದವರಿಗೆ ಹೇಳಬೇಕಾಗಿಲ್ಲ. ಒಂದು ‘ಇಲ್ಲ’ ಅಂದರೆ ಸಾಕಿತ್ತು, ಪೆನ್ನು ಮತ್ತೆ ಮೇಜಿನ ಮೇಲೆ ಹೋಗುತ್ತಿತ್ತು. ಪಕ್ಕಕ್ಕೆ ನೋಡಿದೆ. ಸರರ ಹಣೆಯಲ್ಲಿ ಅವತ್ತು ಚಾಪೆಯ ಮೇಲೆ ಬಂದದ್ದೇ ಬೆವರು. ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ.

“ಹೋ, ಮ್ಯಾಡಮ್” ಅಂದೆ.

ಸಹಿ ಬಿತ್ತು. ಇಷ್ಟು ದಿನ ಜಗಳಾಡಿದರೂ ನಮ್ಮಿಬ್ಬರ ಕೋಡಿಂಗ್ ಒಮ್ಮೆಯೂ ಹೀಗೆ ಪೂರ್ತಿ ಹೊಂದಿರಲಿಲ್ಲ.

ಕಾಗದ ಹಿಡಿದುಕೊಂಡು ಇಬ್ಬರೂ ವರಾಂಡಕ್ಕೆ ಬಂದೆವು. ಅವರ ನೌಕರಿ ಉಳಿದಿತ್ತು. ನಾನು “ಸರ, ಇನ್ನ ಶರಣಮ್ಮಗ ನಾವು ಏನಂತ...” ಎಂದು ಶುರು ಮಾಡಿದೆ. ಮೊದಲ ಸಲ ಬಸವಪ್ರಭು ಸರ ನನ್ನ ವಾಕ್ಯವನ್ನು ಮುಗಿಸಲಿಲ್ಲ. ನನ್ನ ಮುಖ ನೋಡುತ್ತ, ನಾನು ಮುಗಿಸಲಿ ಎಂದು ಕಾಯುತ್ತ ನಿಂತರು. ಮುಗಿಸಲು ನನ್ನ ಹತ್ತಿರವೂ ಏನೂ ಇರಲಿಲ್ಲ.